ಎದೆ ಬಿರಿದವನ ಚಿತ್ರವಿಲ್ಲದ ಕ್ಯಾನು

ನನ್ನ ಫೋನಿನಲ್ಲಿ ಅಕ್ಕನ ಫೋಟೋ ಹುಡುಕಿದರೆ ಸಿಗುವುದು ಡಬ್ಬಿಗಳು. ಫಿನಾಯಿಲ್ ಬಾಟಲು, ಜಿರಲೆ ಮದ್ದು, ಕಕ್ಕಸು ತೊಳೆಯುವ ಆಸಿಡ್, ಬಾಗಿಲಿಗೆ ಬಳಿಯುವ ಪಾಲಿಶ್. ಪ್ರತಿ ಫೋಟೋದ ಒಂದು ಮೂಲೆಯಲ್ಲಿ ಅವಳ ಹೆಬ್ಬೆರಳು ಇರುತ್ತದೆ. ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಫೋಟೋ ತೆಗೆಯುತ್ತಿದ್ದಳು, ಎಷ್ಟು ಸಲ ಹೇಳಿದರೂ ಅದನ್ನು ಕಟ್ಟೆಯ ಮೇಲಿಟ್ಟು ತೆಗೆಯುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಹುಲ್ಲಿನ ಹಸಿರು ಕರೆ, ಬೆರಳಿನ ಗೆಣ್ಣಿನ ಮೇಲೆ ಕುಡುಗೋಲು ತಾಗಿದ ಹಳೆಯ ಗೆರೆ. ಮದುವೆ ಮನೆಗಳಲ್ಲಿ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಕಂಬದ ಹಿಂದೆ ಹೋಗುತ್ತಿದ್ದವಳು ನನಗೆ ಬಿಟ್ಟುಹೋಗಿರುವುದು ಆ ಹೆಬ್ಬೆರಳು ಮಾತ್ರ.

ನಾನು ಅರಸೀಕೆರೆಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಅಕ್ಕ ಹಗರೆಯಲ್ಲಿ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಇದ್ದವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಯಾರೂ ಬಿಡಿಸಲಿಲ್ಲ, ಅಪ್ಪ ಗೋಗರೆದರೂ ಹೋಗಲಿಲ್ಲ. "ನಂಗೆ ಲೆಕ್ಕ ಹತ್ತಲ್ಲ, ಮೇಷ್ಟ್ರಿಗೆ ನಾನು ಹತ್ತಲ್ಲ" ಎಂದು ಹೇಳಿ ಚೀಲವನ್ನು ಅಟ್ಟಕ್ಕೆ ಎಸೆದಿದ್ದಳಂತೆ. ಕನ್ನಡ ಪೇಪರನ್ನು ಮಾತ್ರ ಒಂದು ಅಕ್ಷರ ಬಿಡದೆ ಓದುತ್ತಿದ್ದಳು. ನಮ್ಮ ಅಂಗಡಿಗಳಿಗೆ ಬರುವ ಡಬ್ಬಿಗಳ ಮೇಲೆ ಕನ್ನಡ ಎಲ್ಲಿದೆ? ದೊಡ್ಡದಾಗಿ ನಿಂಬೆಹಣ್ಣಿನ ಚಿತ್ರ, ಹೊಳೆಯುವ ನೆಲದ ಚಿತ್ರ. ಜೀವಕ್ಕೆ ಬೇಕಾದ ಮಾತು ಹಿಂದುಗಡೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇವತ್ತಿಗೂ ಉರಿಯುತ್ತದೆ.

ಅವಳಿಗೆ ದಮ್ಮು ಇತ್ತು. ಅಗರಬತ್ತಿ ಹೊಗೆಗೂ ಎದೆ ಹಿಡಿದುಕೊಳ್ಳುತ್ತಿತ್ತು. ಬೇಲೂರಿನ ಡಾಕ್ಟರು ಎಳೆದುಕೊಳ್ಳುವ ಪಂಪು ಕೊಟ್ಟು, ಮನೆಯಲ್ಲಿ ಘಾಟು ವಾಸನೆಯದು ಏನು ಬಳಸಿದರೂ ನೋಡಿಕೊಂಡು ಬಳಸಿ ಎಂದಿದ್ದರು. ನೋಡಿಕೊಳ್ಳುವುದು ಎಂದರೆ ಹೇಗೆ ಎಂದು ಅವಳು ನನ್ನನ್ನು ಕೇಳಿದಳು. "ಡಬ್ಬಿ ಫೋಟೋ ಕಳ್ಸು, ನಾನು ಓದಿ ಹೇಳ್ತೀನಿ" ಎಂದೆ. ಶುರುವಾದದ್ದು ಹಾಗೆ.

ಮೊದಮೊದಲು ಕಳಿಸುತ್ತಿದ್ದದ್ದು ಬರೀ ಮುಂಭಾಗ. ನಿಂಬೆಹಣ್ಣು ಬರುತ್ತಿತ್ತು. "ಹಿಂದಿನದು ಕಳ್ಸೇ" ಎಂದರೆ ಬೆಳಕಿಗೆ ಬೆನ್ನು ಹಾಕಿ ತೆಗೆದ ಕಪ್ಪು ಚೌಕ ಬರುತ್ತಿತ್ತು. ಆಮೇಲಾಮೇಲೆ ಕಲಿತಳು. ಹಟ್ಟಿ ಬಾಗಿಲಿನ ಬಿಸಿಲಿಗೆ ತಂದು, ಡಬ್ಬಿ ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಎರಡು ಮೂರು ತುಂಡು ಮಾಡಿ ಕಳಿಸುತ್ತಿದ್ದಳು. ನಾನು ಎಳೆದು ದೊಡ್ಡದು ಮಾಡಿ ಓದುತ್ತಿದ್ದೆ. ಓದಿ ಮುಗಿಸಿ ಫೋನ್ ಮಾಡುತ್ತಿದ್ದೆ.

ನಮ್ಮ ಲ್ಯಾಬಿನ ಗೋಡೆಯ ಮೇಲೆ ಒಂದು ಪಟ ಇದೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕಗಳು, ಕೆಂಪು ಅಂಚು, ಬಿಳಿ ನೆಲದ ಮೇಲೆ ಕಪ್ಪು ಚಿತ್ರ. ಯಾವ ದೇಶದ ಡಬ್ಬಿಯ ಮೇಲಿದ್ದರೂ ಅದೇ ಅರ್ಥ. ಅದರ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅಕ್ಷರ ಬರದಿದ್ದರೆ ಬೇಡ, ಚಿತ್ರವಾದರೂ ಗುರುತು ಹಿಡಿಯಲಿ ಎಂದು. ಅವಳು ಒಂದೊಂದಕ್ಕೂ ತನ್ನದೇ ಹೆಸರಿಟ್ಟಳು. ಎರಡು ನಳಿಕೆಗಳಿಂದ ದ್ರವ ಸುರಿದು ಒಂದು ಕಡೆ ಲೋಹದ ಪಟ್ಟಿ, ಇನ್ನೊಂದು ಕಡೆ ಅಂಗೈ ಕೊರೆದುಹೋಗುತ್ತಿರುವ ಚಿತ್ರ 'ಕೈ ಕೊರೆಯೋದು'. ಒಣಗಿದ ಮರ, ಮಗುಚಿ ಬಿದ್ದ ಮೀನು ಇರುವುದು 'ಸತ್ತ ಮೀನು'. ಬೆಂಕಿಯದು 'ಒಲೆ'. ಉದ್ದ ಗೀಟು, ಕೆಳಗೊಂದು ಚುಕ್ಕಿ ಇರುವ ಎಚ್ಚರಿಕೆ ಗುರುತು 'ಒನಕೆ'. ಬುರುಡೆಗೆ ಹೆಸರೇ ಬೇಕಾಗಲಿಲ್ಲ. ಕೊನೆಗೆ ಒಂದು ಮನುಷ್ಯನ ಎದೆಮಟ್ಟದ ಆಕೃತಿ, ಎದೆಯ ನಡುವೆ ನಕ್ಷತ್ರದ ಹಾಗೆ ಒಡೆದ ಬಿಳಿ ಬಿರುಕು.

"ಇವ್ನ್ಯಾರೇ, ಎದೆ ಬಿರಿದೋನು?" ಎಂದಳು.

"ಒಳಗೊಳಗೇ ಹಾಳು ಮಾಡೋ ವಸ್ತು ಅಂತ ಅದು. ಎಷ್ಟೋ ಥರದ್ದಕ್ಕೆ ಹಾಕ್ತಾರೆ. ಉಸಿರಲ್ಲಿ ಎಳ್ಕೊಂಡ್ರೆ ದಮ್ಮು ಎಬ್ಬಿಸೋದಕ್ಕೂ ಇದನ್ನೇ ಹಾಕ್ತಾರೆ."

"ಹಂಗಾದ್ರೆ ಇದು ನನ್ ಫೋಟೋನೇ ಕಣೇ. ನಿನ್ ಲ್ಯಾಬಲ್ಲಿ ನನ್ ಫೋಟೋ ಹಾಕವ್ರೆ, ಒಂದು ಹೂವಿನ ಹಾರ ಹಾಕ್ಸು."

ನಕ್ಕಿದ್ದೆ. ಇಬ್ಬರೂ ನಕ್ಕಿದ್ದೆವು.

ಒಂದು ಸಲ ಜಿರಲೆ ಮದ್ದಿನ ಪ್ಯಾಕೆಟ್ಟಿನ ಫೋಟೋ ಬಂತು. ಅದರ ಮೇಲೆ ಕೆಂಪು ಅಂಚಿನ ಚಿತ್ರಗಳಿರಲಿಲ್ಲ. ನಮ್ಮ ದೇಶದಲ್ಲಿ ಕೀಟನಾಶಕಕ್ಕೆ ಬೇರೆಯೇ ಗುರುತು, ಮೂಲೆಯ ಮೇಲೆ ನಿಂತ ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ತುಂಬಿರುತ್ತಾರೆ. ಕೆಂಪು ಎಂದರೆ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಕ್ಕ ಫೋನು ಮಾಡಿ, "ಇದೇನೂ ಭಯ ಇಲ್ಲ ಬಿಡು, ಹಸಿರು ಐತೆ, ವೆಜ್ಜು" ಎಂದಳು. ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿ ನೋಡಿ ಅಭ್ಯಾಸವಾಗಿದ್ದವಳು. ನನಗೆ ನಗು ತಡೆಯಲಾಗಲಿಲ್ಲ. "ಹಸಿರು ಅಂದ್ರೆ ಕಡ್ಮೆ ವಿಷ ಕಣೆ, ವಿಷ ಇಲ್ಲ ಅಂತಲ್ಲ. ಅಡುಗೆ ಪಾತ್ರೆ ಎಲ್ಲ ಮುಚ್ಚಿಟ್ಟು ಹಾಕು, ಕೈ ತೊಳ್ಕೋ" ಎಂದು ಬೈದೆ. "ಆಯ್ತು ಮೇಷ್ಟ್ರಮ್ಮ" ಎಂದಳು. ಅವಳಿಗೆ ನನ್ನ ಮೇಲೆ ಪ್ರೀತಿ ಉಕ್ಕಿದಾಗಲೂ ಮೇಷ್ಟ್ರಮ್ಮ, ಸಿಟ್ಟು ಬಂದಾಗಲೂ ಮೇಷ್ಟ್ರಮ್ಮ.

ಬಾಗಿಲ ಪಾಲಿಶಿನ ಡಬ್ಬದಲ್ಲಿ ಮಾತ್ರ ಅವಳೇ ಗುರುತು ಹಿಡಿದಳು. ಎರಡು ಡಬ್ಬ ಬೆರೆಸಿ ಬಳಿಯುವ ಜಾತಿಯ ಪಾಲಿಶ್ ಅದು, ಗಟ್ಟಿಯಾಗಿಸುವ ಚಿಕ್ಕ ಡಬ್ಬದ ಹಿಂದೆ ಎದೆ ಬಿರಿದವನಿದ್ದ. ಫೋಟೋದ ಜೊತೆ ಧ್ವನಿ ಕಳಿಸಿದಳು: "ನನ್ ಫೋಟೋ ಹಾಕವ್ರೆ ಕಣೇ ಇದ್ರ ಮೇಲೆ." ಓದಿ ನೋಡಿದರೆ ಸರಿಯಾಗೇ ಇತ್ತು, ಉಸಿರಲ್ಲಿ ಹೋದರೆ ಆಸ್ತಮಾದ ತೊಂದರೆ ಬರಬಹುದು ಎಂದು ಬರೆದಿದ್ದರು. ಪಾಲಿಶ್ ಒಣಗಿ ವಾಸನೆ ಹೋಗುವವರೆಗೂ ಅವಳು ಗೆಂಡೆಹಳ್ಳಿಯಲ್ಲಿದ್ದ ನಾದಿನಿಯ ಮನೆಯಲ್ಲಿ ಉಳಿದಳು. ಒಂದು ಕೆಮ್ಮು ಕೂಡ ಬರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಾಲೇಜಿನಲ್ಲಿ ಮಕ್ಕಳಿಗೆ ಈ ಪಾಠ ಮಾಡುವಾಗ ಅಕ್ಕನ ಹೆಸರುಗಳನ್ನೇ ಹೇಳತೊಡಗಿದೆ. ಪರೀಕ್ಷೆಯಲ್ಲಿ ಒಬ್ಬಳು ಸತ್ತ ಮೀನು ಎಂದೇ ಬರೆದಿದ್ದಳು, ಅಂಕ ಕೊಟ್ಟೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಾನು ಓದಿ ಹೇಳಿದ ಮೇಲೆ, "ಈಗ ಹೇಳು, ಏನ್ ಹೇಳ್ದೆ?" ಎಂದು ಕೇಳಬೇಕು. ಅವಳು ಒಪ್ಪಿಸಬೇಕು. ಬೆರಳು ಮಡಚಿ ಮಡಚಿ ಹೇಳುತ್ತಿದ್ದಳು, ಫೋನಿನಲ್ಲಿ ಕಾಣದಿದ್ದರೂ ಅದು ನನಗೆ ಗೊತ್ತಿತ್ತು, ಒಂದೊಂದರ ನಡುವೆ ಬಳೆಯ ಸದ್ದು ಬರುತ್ತಿತ್ತು.

ಹೀಗಿರುವಾಗ ಅವಳ ಅತ್ತೆ ಹಾಸಿಗೆ ಹಿಡಿದರು. ಬಟ್ಟೆ, ಹಾಸಿಗೆ, ನೆಲ ಎಲ್ಲವನ್ನೂ ದಿನಾ ತೊಳೆಯಬೇಕಾಯಿತು. ಬೇಲೂರಿನಲ್ಲಿ ಛತ್ರ, ಹೋಟೆಲಿನವರಿಗೆ ಸಾಮಾನು ಕೊಡುವ ಒಂದು ಅಂಗಡಿಯಿಂದ ಭಾವ ದೊಡ್ಡ ಕ್ಯಾನಿನಲ್ಲಿ ಬ್ಲೀಚ್ ತಂದರು. ಮನೆಗೆಂದು ಮಾರುವ ಸಣ್ಣ ಬಾಟಲುಗಳ ಮೇಲೆ ಎಷ್ಟೋ ಸಲ ಚಿತ್ರವೇ ಇರುವುದಿಲ್ಲ, ಇದರ ಮೇಲೆ ಇತ್ತು. ಅಕ್ಕ ಅದನ್ನು ಬಹಳ ನೀರು ಬೆರೆಸಿ, ಕೈಗೆ ಗ್ಲೌಸ್ ಹಾಕಿ, ಹಿತ್ತಿಲ ಬಯಲಿನಲ್ಲಿ ಬಟ್ಟೆ ನೆನೆಸುತ್ತಿದ್ದಳು. ಆಗೆಲ್ಲ ಏನೂ ಆಗಲಿಲ್ಲ. ಅತ್ತೆಯನ್ನು ಅವಳು ನೋಡಿಕೊಂಡ ರೀತಿ ಊರಿಗೇ ಗೊತ್ತು. ಕೊನೆಗೆ ಅವರೂ ಹೋದರು, ವಯಸ್ಸಾಗಿತ್ತು, ಅಕ್ಕನ ತೊಡೆಯ ಮೇಲೆಯೇ ಹೋದರು.

ಸೂತಕ ಕಳೆಯುವ ದಿನ ಬೆಳಿಗ್ಗೆ ಮನೆಯೆಲ್ಲ ತೊಳೆಯಬೇಕು. ನಾನು ಅರಸೀಕೆರೆಯಲ್ಲಿ ಬಸ್ಸಿಗೆ ಹೊರಡುವ ತರಾತುರಿಯಲ್ಲಿದ್ದಾಗ ಫೋಟೋ ಬಂತು. ಹೊಸ ಕ್ಯಾನು, ಬೇರೆ ಕಂಪನಿಯದು. ಅಕ್ಕನ ಹೆಬ್ಬೆರಳು, ಪಕ್ಕದಲ್ಲಿ ಹಿತ್ತಿಲ ಕಟ್ಟೆ. ಜೊತೆಗೆ ಧ್ವನಿ: "ಹಳೇದು ಮುಗೀತು. ಇದ್ರಲ್ಲಿ ಬಚ್ಚಲು ತೊಳೀತೀನಿ. ಅತ್ತೆಮ್ಮನ್ನ ಅಲ್ಲೇ ಅಲ್ವಾ ದಿನಾ ತೊಳೀತಿದ್ದಿದ್ದು, ವಾಸನೆ ಐತೆ. ನೆಂಟ್ರು ಬತ್ತಾರೆ. ನೋಡಿ ಹೇಳು."

ನಿಂತಲ್ಲೇ ನೋಡಿದೆ. ಎಳೆದು ದೊಡ್ಡದು ಮಾಡಿ ನೋಡಿದೆ. ಕೈ ಕೊರೆಯುವ ಚಿತ್ರ ಒಂದು, ಸತ್ತ ಮೀನು ಒಂದು. ಅದರ ಪಕ್ಕ ಅಪಾಯ ಎಂಬ ಒಂದು ಪದ. ಕೆಳಗೆ ಸಣ್ಣಕ್ಷರ. ಫೋನ್ ಮಾಡಿದೆ.

"ಹಳೇದರ ಥರಾನೇ ಕಣೇ. ಕೈ, ಮೀನು. ಗ್ಲೌಸ್ ಹಾಕ್ಕೋ. ಕಣ್ಣಿಗೆ ಸಿಡೀದಂಗೆ ನೋಡ್ಕೋ. ಕಣ್ಣಿಗೆ ಬಿದ್ರೆ ಉಜ್ಜಬೇಡ, ತುಂಬಾ ಹೊತ್ತು ನೀರು ಬಿಡು. ಗಾಳಿ ಆಡಬೇಕು, ಬಚ್ಚಲ ಕಿಟಕಿ ತೆಗಿ. ಆಸಿಡ್ ಜೊತೆ ಸೇರಿಸಲೇಬೇಡ, ಕೆಟ್ಟ ಗಾಳಿ ಏಳುತ್ತೆ. ತೊಳೆಯೋಕೆ ಬಳಸೋ ಇನ್ಯಾವ ಸಾಮಾನೂ ಇದರ ಜೊತೆ ಸೇರಿಸಬೇಡ ಅಂತ ಬರ್ದವ್ರೆ."

"ಎದೆ ಬಿರಿದೋನು ಅವ್ನಾ?"

"ಇಲ್ಲ."

"ಸರಿ ಬಿಡು ಹಂಗಾದ್ರೆ."

"ಸರಿ ಬಿಡು ಅಲ್ಲ. ಈಗ ಹೇಳು, ಏನ್ ಹೇಳ್ದೆ?"

ಬಳೆ ಸದ್ದಾಯಿತು. "ಗ್ಲೌಸು. ಕಣ್ಣು. ಕಿಟಕಿ. ಆಸಿಡ್ ಇಲ್ಲ, ಫಿನಾಯಿಲ್ ಇಲ್ಲ, ಸೋಪ್ ಪುಡಿ ಇಲ್ಲ. ಬೇಗ ಬಾ, ಒಬ್ಬಟ್ಟಿಗೆ ಬೇಳೆ ಬೇಯ್ಸಕ್ಕೆ ಯಾರೂ ಇಲ್ಲ" ಎಂದಳು. ಅವಳ ಗಟ್ಟಿ ದನಿ ನಾನು ಕೇಳಿದ್ದು ಅದೇ ಕೊನೆ.

ಹಳೇಬೀಡಿನಲ್ಲಿ ಇಳಿದು ಹಗರೆಯ ಬಸ್ಸಿಗೆ ಕಾಯುತ್ತಿದ್ದೆ. ಭಾವ ಫೋನ್ ಮಾಡಿದರು. "ಮನೆಗೆ ಬರಬ್ಯಾಡಮ್ಮ, ಬೇಲೂರು ಆಸ್ಪತ್ರೆಗೆ ಬಾ. ನಿಮ್ಮಕ್ಕಂಗೆ ದಮ್ಮು ಜಾಸ್ತಿ ಆಗೈತೆ" ಎಂದರು. ಪಂಪು ಎಳೆದುಕೊಂಡಳಾ ಎಂದು ಕೇಳಿದೆ. ಎಳೆದುಕೊಂಡಳು, ದಮ್ಮು ಅದಕ್ಕೆ ಕೇಳ್ತಿಲ್ಲ ಎಂದರು. ಬೇಲೂರಿನ ಬಸ್ಸು ಹತ್ತಿದೆ. ಆ ರಸ್ತೆಯನ್ನು ನಾನು ಎಷ್ಟು ಸಲ ಓಡಾಡಿದ್ದೇನೋ, ಅವತ್ತಿನಷ್ಟು ಉದ್ದ ಅದು ಎಂದೂ ಇರಲಿಲ್ಲ.

ಅವಳು ಮಂಚದ ಮೇಲೆ ಮುಂದಕ್ಕೆ ಬಾಗಿ, ಎರಡೂ ಅಂಗೈ ಊರಿಕೊಂಡು ಕೂತಿದ್ದಳು. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು. ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಪ್ರತಿ ಉಸಿರಿಗೂ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಭಾವನನ್ನು ಕೇಳುತ್ತಿದ್ದರು: "ಏನು ಬಳಸಿದ್ರು? ಕ್ಯಾನ್ ತಂದಿದೀರಾ?" ಭಾವ ಗಾಬರಿಯಲ್ಲಿ ಏನೂ ತಂದಿರಲಿಲ್ಲ. ನಾನು ಫೋನು ತೆಗೆದು ಫೋಟೋ ತೋರಿಸಿದೆ.

ಅವರು ಅದನ್ನು ನನ್ನ ಹಾಗೇ ಎಳೆದು ದೊಡ್ಡದು ಮಾಡಿ ಓದಿದರು. "ಬ್ಲೀಚ್. ಇದೊಂದೇ ಆದ್ರೆ ಇಷ್ಟು ಆಗೋದು ಅನುಮಾನ. ಜೊತೆಗೆ ಟಾಯ್ಲೆಟ್ ಆಸಿಡ್ ಏನಾದ್ರೂ ಹಾಕಿದ್ರಾ?"

"ಇಲ್ಲ ಮೇಡಂ" ಎಂದರು ಭಾವ.

ಅಕ್ಕನೂ ಇಲ್ಲವೆಂದು ತಲೆಯಾಡಿಸಿದಳು. ನನ್ನನ್ನು ನೋಡಿದಳು. ಆಮೇಲೆ ಒಂದು ಕೈಯನ್ನು ಮಂಚದಿಂದ ಎತ್ತಿ ಬೆರಳು ಮಡಚತೊಡಗಿದಳು. ಒಂದು, ಇನ್ನೊಂದು, ಮತ್ತೊಂದು. ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಉಸಿರಿಲ್ಲದವಳು ನನಗೆ ಪಾಠ ಒಪ್ಪಿಸುತ್ತಿದ್ದಳು. ಮಾಸ್ಕಿನೊಳಗಿಂದ ತುಂಡು ತುಂಡಾಗಿ, "ನೀ ಹೇಳ್ದಂಗೇ, ಮಾಡ್ದೆ ಕಣೇ" ಎಂದಳು.

ಅವಳು ಸುಳ್ಳು ಹೇಳುವವಳಲ್ಲ. ಸುಳ್ಳಲ್ಲದಿದ್ದರೆ ಬೇರೇನು? ನಾನು ಫೋಟೋವನ್ನು ಮತ್ತೆ ತೆಗೆದೆ. ಈ ಸಲ ಲೇಬಲ್ ಓದಲಿಲ್ಲ, ಓದಿ ಆಗಿತ್ತು. ಹೆಬ್ಬೆರಳಿನ ಆಚೆಗೆ ನೋಡಿದೆ. ಕ್ಯಾನಿನ ಹಿಂದೆ, ಕಟ್ಟೆಯ ಮೂಲೆಯಲ್ಲಿ, ಫೋಟೋದ ಅಂಚಿಗೆ ಅರ್ಧ ಕತ್ತರಿಸಿಹೋದಂತೆ ಒಂದು ಬಕೆಟ್ ಇತ್ತು. ಅದರೊಳಗಿಂದ ಮಾವಿನ ಸೊಪ್ಪಿನ ಗೊಂಚಲು ಇಣುಕುತ್ತಿತ್ತು.

ಸೂತಕದ ಮನೆಯಲ್ಲಿ ಮಾವಿನ ಸೊಪ್ಪು ಅದ್ದಿ ಚಿಮುಕಿಸುವುದು ಏನನ್ನು ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಸುವಿನ ಗಂಜಲ. ಅಂಗಳ, ಹೊಸಲು, ಹಾಸಿಗೆ ಹಾಸಿದ್ದ ಜಾಗ, ತೊಟ್ಟಿ, ಎಲ್ಲ ಕಡೆಗೂ ಚಿಮುಕಿಸಬೇಕು, ಮನೆ ಶುದ್ಧವಾಗಬೇಕು. ಪೇಟೆಯಲ್ಲಾದರೆ ಒಂದು ಲೋಟಕ್ಕೆ ಅಲೆಯುತ್ತಾರೆ. ಅಕ್ಕನದು ಹಟ್ಟಿ ತುಂಬ ಹಸುವಿದ್ದ ಮನೆ.

"ಅಕ್ಕ, ಗಂಜಲ ಉಳ್ದಿತ್ತಲ್ಲ, ಎಲ್ಲಿ ಸುರಿದೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ಏಕೆ ಕೇಳುತ್ತೇನೆಂದು ಅವಳಿಗೆ ತಿಳಿಯಲಿಲ್ಲ. "ಬಚ್ಚಲಿಗೆ" ಎಂದಳು.

ಎಲ್ಲ ಆಮೇಲೆ ಭಾವನಿಂದ ತಿಳಿಯಿತು. ಅವಳು ಕಿಟಕಿ ತೆಗೆದಿದ್ದಳು, ಗ್ಲೌಸ್ ಹಾಕಿದ್ದಳು. ಬ್ಲೀಚನ್ನು ಬಚ್ಚಲ ನೆಲದ ಮೇಲೆ ಸುರಿದು ಸ್ವಲ್ಪ ಹೊತ್ತು ಬಿಟ್ಟಳು, ಹಾಗೆ ಬಿಡಬೇಕೆಂದು ಲೇಬಲ್ಲಿನಲ್ಲೇ ಇತ್ತು. ಅಷ್ಟರಲ್ಲಿ ಮನೆಗೆಲ್ಲ ಗಂಜಲ ಚಿಮುಕಿಸಿದಳು. ನೆಂಟರು ಬರುತ್ತಾರೆಂದು ಮೊದಲಿನಿಂದಲೇ ಹಿಡಿದು ಹಿಡಿದು ಕೂಡಿಟ್ಟಿದ್ದ ಗಂಜಲ, ಹಳತಾಗಿ ಘಾಟು ಹಿಡಿದಿತ್ತು. ಬಕೆಟ್ಟಿನಲ್ಲಿ ಅರ್ಧ ಉಳಿದಿತ್ತು. ಅತ್ತೆಯನ್ನು ಕೊನೆಗೆ ಮೀಯಿಸಿದ್ದು ಅದೇ ಬಚ್ಚಲಿನಲ್ಲಿ. ಅಲ್ಲಿಗೆ ನಾಲ್ಕು ಹನಿ ಸಾಲದು ಎಂದು ಉಳಿದಿದ್ದನ್ನೆಲ್ಲ ಬ್ಲೀಚಿನ ಮೇಲೆಯೇ ಸುರಿದು, ಸೀರೆ ಎತ್ತಿ ಕಟ್ಟಿದ್ದರಿಂದ ಬಾಗಿಲು ಮುಂದಕ್ಕೆ ಮಾಡಿಕೊಂಡು, ಕಡ್ಡಿಪೊರಕೆ ಹಿಡಿದು ಉಜ್ಜಲು ಕೂತಳು. ಘಾಟು ಮೂಗಿಗೆ ಬಡಿದಿರುತ್ತದೆ. ಹಟ್ಟಿಯಲ್ಲಿ ಬೆಳೆದ ಮೂಗು, ಗಂಜಲದ್ದೇ ಎಂದುಕೊಂಡಿರುತ್ತಾಳೆ. ಕೆಮ್ಮುತ್ತ ಕೆಮ್ಮುತ್ತ ಪೂರ್ತಿ ತೊಳೆದು ಮುಗಿಸಿಯೇ ಹೊರಗೆ ಬಂದಳಂತೆ.

ಹಳೆಯ ಗಂಜಲದಲ್ಲಿ ಅಮೋನಿಯಾ ಇರುತ್ತದೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಮೈನ್ ಎಂಬ ವಿಷದ ಗಾಳಿ ಏಳುತ್ತದೆ. ಮೂಗು, ಗಂಟಲು, ಶ್ವಾಸಕೋಶದ ತೇವಕ್ಕೆ ತಗುಲಿ ಒಳಗೇ ಸುಡುತ್ತದೆ. ಡಬ್ಬಿಯ ಮೇಲಿನ ಚಿತ್ರ ಹೇಳುವುದು ಡಬ್ಬಿಯೊಳಗೆ ಇರುವುದರ ಮಾತನ್ನು. ಅದರಿಂದ ಹೊರಗೆ ಬಂದು ಇನ್ನೊಂದರ ಜೊತೆ ಸೇರಿ ಏನಾಗುತ್ತದೆ ಎಂಬುದಕ್ಕೆ ಚಿತ್ರವಿಲ್ಲ, ಅದು ಸಣ್ಣಕ್ಷರದಲ್ಲೇ ಇರಬೇಕು. ಅದಕ್ಕೇ ಎದೆ ಬಿರಿದವನು ಆ ಕ್ಯಾನಿನ ಮೇಲಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ತೊಳೆಯುವ ಬೇರೆ ಸಾಮಾನು ಸೇರಿಸಬೇಡ ಎಂದು ಬರೆದಿದ್ದರು, ನಾನು ಹೇಳಿದ್ದೆ, ಅವಳು ಸೇರಿಸಲಿಲ್ಲ. ಅವಳ ಮನೆಯಲ್ಲಿ ತೊಳೆಯುವ ಸಾಮಾನು ಬಚ್ಚಲ ಗೂಡಿನಲ್ಲಿ ಇರುತ್ತಿತ್ತು. ಗಂಜಲ ಅರಿಶಿನ ಕುಂಕುಮದ ಪಕ್ಕ ಇರುತ್ತಿತ್ತು. ನನ್ನ ತಲೆಯೊಳಗೂ ಅದು ಅಲ್ಲೇ ಇತ್ತು. ಚಿಕ್ಕವಳಿದ್ದಾಗಿನಿಂದ ಎಷ್ಟು ಮನೆಯಲ್ಲಿ ತಲೆಗೆ ಚಿಮುಕಿಸಿಕೊಂಡಿದ್ದೇನೆ.

ಡಾಕ್ಟರಿಗೆ ಹೇಳಿದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ಇದಕ್ಕೆ ಬೇರೆ ಮದ್ದು ಅಂತಿಲ್ಲ. ಆಕ್ಸಿಜನ್ನು, ಉಸಿರಿಗೆ ಕೊಡೋ ಔಷಧಿ, ಇಂಜೆಕ್ಷನ್ನು ಕೊಡ್ತಿದೀವಿ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳೋದು ಕೆಲವು ಗಂಟೆ ತಡವಾಗಿ ಶುರುವಾಗಬಹುದು. ಹಾಸನಕ್ಕೆ ಕರ್ಕೊಂಡು ಹೋಗಿ" ಎಂದರು. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತಿದ್ದೆ. ಹಗರೆ ದಾಟುವಾಗ ಅವಳು ಕಿಟಕಿಯ ಕಡೆ ತಿರುಗಿ, ಹಸುಗಳಿಗೆ ನೀರು ಎಂದು ಕೈಸನ್ನೆ ಮಾಡಿದಳು. ಭಾವ ತಲೆಯಾಡಿಸಿದರು.

ಹಾಸನದಲ್ಲಿ ಗಂಟಲಿಗೆ ಕೊಳವೆ ಹಾಕಿದರು. ಮಾರನೆಯ ದಿನ ಮಧ್ಯಾಹ್ನ ಅಕ್ಕ ಹೋಗಿಬಿಟ್ಟಳು. ಗಟ್ಟಿ ಎದೆಯವರಾದರೆ ಉಳಿದುಕೊಳ್ಳುತ್ತಿದ್ದರೇನೋ ಎಂದರು ಅಲ್ಲಿಯ ಡಾಕ್ಟರು. ಪೊಲೀಸರು ಬಂದರು, ಹೇಳಿಕೆ ಬರೆದುಕೊಂಡರು, ನನ್ನ ಫೋನಿನ ಫೋಟೋ ಕಳಿಸಿಕೊಂಡರು. ಅಕ್ಕನ ಹೆಬ್ಬೆರಳು ಈಗ ಯಾವುದೋ ಕಡತದಲ್ಲೂ ಇದೆ.

ನನ್ನದೇ ತಪ್ಪು ಎಂದು ಮೂಲೆ ಹಿಡಿದು ಕೊರಗುವ ಜಾತಿಯವಳಲ್ಲ ನಾನು. ನನಗೆ ಬಂದದ್ದು ಸಿಟ್ಟು. ಮಣ್ಣು ಮಾಡಿ ಬಂದ ಸಂಜೆ ಜಗಲಿಯಲ್ಲಿ ಯಾರೋ ಹೇಗಾಯಿತು ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕನ ನಾದಿನಿ ಒಳಗಿಂದ ಎದ್ದು ಬಂದಳು.

"ಏನವ್ವ, ಹಾಲು ಕೊಡೋ ಹಸಿನ ಗಂಜಲ ಮನುಷ್ಯರನ್ನ ಕೊಲ್ತದೆ ಅಂತೀಯಾ? ನಮ್ಮವ್ವನ ಸೂತಕ ಕಳೆಯೋಕೆ ಚಿಮುಕಿಸಿದ್ದು ಅದು. ಅದ್ಕೆ ಅಪವಾದ ಹೊರಿಸ್ತೀಯಾ?"

"ಗಂಜಲ ಒಂದೇ ಕೊಲ್ಲಲ್ಲ, ಬ್ಲೀಚ್ ಒಂದೇ ಕೊಲ್ತಿರಲಿಲ್ಲ. ಎರಡೂ ಸೇರಿ ನಮ್ಮಕ್ಕನ್ನ ತಿಂದ್ವು. ಅಷ್ಟೇ ನಾನು ಹೇಳ್ತಿರೋದು."

"ಓದಿರೋರ ಬಾಯಿಗೆ ಬೀಗ ಇಲ್ಲ" ಎಂದಳು ಅವಳು. ಅವಳೂ ಅಳುತ್ತಿದ್ದಳು. ತಾಯಿ ಹೋದ ದುಃಖದ ಮೇಲೆ ಇದು. ಅದು ನನಗೆ ಗೊತ್ತಿದ್ದೂ ನಾನು ಸುಮ್ಮನಾಗಲಿಲ್ಲ. ಭಾವ ಮಧ್ಯೆ ಬಂದು, "ಬಿಡಮ್ಮ. ಅವಳ ಆಯಸ್ಸೇ ಅಷ್ಟಿತ್ತು. ಗಂಜಲದ ಮಾತು ಇನ್ನು ಎತ್ತಬ್ಯಾಡ" ಎಂದರು. ಮೃದುವಾಗಿಯೇ ಅಂದರು. ಅದು ನನಗೆ ನಾದಿನಿಯ ಕೂಗಾಟಕ್ಕಿಂತ ಹೆಚ್ಚು ನೋಯಿಸಿತು. ನಾನು ಹೇಳಿದಂತೆಲ್ಲ ಮಾಡಿ, ಬೆರಳು ಮಡಚಿ ಒಪ್ಪಿಸಿ ಸತ್ತವಳು ಅವಳು. ಅವಳು ಯಾಕೆ ಸತ್ತಳು ಎಂಬುದನ್ನಾದರೂ ಅವಳ ಮನೆಯವರು ಇಟ್ಟುಕೊಳ್ಳಬೇಡವೇ? ಆಯಸ್ಸು ಎಂದು ಹೇಳಿ ಮುಚ್ಚಿಟ್ಟರೆ ನಾಳೆ ಆ ಬಚ್ಚಲನ್ನು ಇನ್ನೊಬ್ಬಳು ಅದೇ ರೀತಿ ತೊಳೆಯುತ್ತಾಳೆ. ಇದನ್ನೆಲ್ಲ ಹೇಳಬೇಕೆಂದಿದ್ದೆ. ಭಾವನ ಮುಖ ನೋಡಿ ಎದ್ದು ಹಿತ್ತಿಲಿಗೆ ಹೋದೆ.

ಆ ಮನೆಯಲ್ಲಿ ಮತ್ತೆ ಸೂತಕ ಕಳೆಯುವ ದಿನ ಬಂತು. ಮಾವಿನ ಸೊಪ್ಪಿನ ಮರ ಅದೇ, ಹಸುಗಳು ಅವೇ. ನಾನು ಹಿಂದಿನ ದಿನವೇ ಬಂದಿದ್ದೆ, ಮನಸ್ಸಿನಲ್ಲಿ ಒಂದೇ ಯೋಚನೆ ಇಟ್ಟುಕೊಂಡು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಚ್ಚಲಿಗೆ ಹೋಗಿ ಗೂಡು ನೋಡಿದೆ. ಆ ಕ್ಯಾನು ಇರಲಿಲ್ಲ. ಎಲ್ಲಿಟ್ಟಿದ್ದಾರೆ ಎಂದು ಯಾರನ್ನು ಕೇಳುವುದು? ನಾದಿನಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಹಟ್ಟಿಯಲ್ಲಿ ಬಕೆಟ್ ಹಿಡಿದು ಹಸುವಿನ ಹಿಂದೆ ನಿಂತಿದ್ದಳು. ನಾನು ಅಡುಗೆಮನೆಗೆ ಹೋಗಿ ಬೇಳೆಗೆ ನೀರಿಟ್ಟೆ. ಅಕ್ಕ ಅವತ್ತು ಹೇಳಿದ್ದ ಕೆಲಸ, ಅವಳ ಸೂತಕಕ್ಕೇ ಮಾಡಬೇಕಾಗಿ ಬಂತು. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಫೋನು ಸದ್ದು ಮಾಡಿತು. ನೋಡಿದರೆ 'ಅಕ್ಕ' ಎಂದಿತ್ತು.

ಅವಳ ಹೆಸರಿನ ಕೆಳಗೆ ಒಂದು ಫೋಟೋ ಬಂದಿತ್ತು. ಅದೇ ಕ್ಯಾನು. ಲೇಬಲ್ಲು ತುಸು ವಾರೆಯಾಗಿ, ಬೆಳಕಿಗೆ ಬೆನ್ನು ಹಾಕಿ ತೆಗೆದದ್ದು. ಮೂಲೆಯಲ್ಲಿ ಹೆಬ್ಬೆರಳು. ದಪ್ಪ ಬೆರಳು, ಅಗಲ ಉಗುರು, ಅವಳದಲ್ಲ. ಭಾವನದು.

ಭಾವ ಬಚ್ಚಲಲ್ಲಿದ್ದರು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಇರುವುದು ಒಂದು ಗೋಡೆ. ಎದುರಿಗೆ ಬಂದು ಕೇಳಲು ಬಾಯಿಲ್ಲದೆ ಅಕ್ಕನ ಫೋನಿನಿಂದ, ಅಕ್ಕ ಮಾಡುತ್ತಿದ್ದಂತೆಯೇ, ಫೋಟೋ ಕಳಿಸಿದ್ದರು. ನಾನು ಬಚ್ಚಲಿಗೆ ಹೋಗಲಿಲ್ಲ. ಅಕ್ಕನ ನಂಬರಿಗೆ ಫೋನ್ ಮಾಡಿದೆ.

"ಕೈ ಕೊರೆಯೋದು ಒಂದು, ಸತ್ತ ಮೀನು ಒಂದು" ಎಂದೆ. ನಿಲ್ಲಿಸದೆ ಹೇಳಿದೆ. "ಗ್ಲೌಸ್ ಹಾಕ್ಕೊಳ್ಳಿ. ಕಣ್ಣಿಗೆ ಸಿಡೀದಂಗೆ ನೋಡ್ಕೊಳ್ಳಿ. ಕಿಟಕಿ, ಬಾಗಿಲು ಎರಡೂ ತೆಗೀರಿ. ಆಸಿಡ್ ಸೇರಿಸಬೇಡಿ. ತೊಳೆಯೋ ಸಾಮಾನು ಬೇರೆ ಯಾವುದೂ ಸೇರಿಸಬೇಡಿ." ಮುಂದಿನದನ್ನು ಹೇಳಬೇಡ ಎಂದಿದ್ದವರು ಅವರೇ. ಅಲ್ಲಿಗೆ ನಿಲ್ಲಿಸಿದೆ. "ಈಗ ಹೇಳಿ ಭಾವ, ಏನ್ ಹೇಳ್ದೆ?"

"ಗ್ಲೌಸು" ಎಂದರು ಭಾವ. "ಕಣ್ಣು. ಕಿಟಕಿ, ಬಾಗ್ಲು. ಆಸಿಡ್ ಇಲ್ಲ, ಫಿನಾಯಿಲ್ ಇಲ್ಲ, ಸೋಪ್ ಪುಡಿ ಇಲ್ಲ." ಫಿನಾಯಿಲ್, ಸೋಪಿನ ಪುಡಿ ನಾನು ಹೇಳಿರಲಿಲ್ಲ. ಅವು ಅಕ್ಕನ ಮಾತು. ಅವಳು ಒಪ್ಪಿಸುವಾಗ ಎಷ್ಟೋ ಸಲ ಪಕ್ಕದಲ್ಲಿದ್ದು ಕೇಳಿದ್ದರು.

"ಗಂಜಲ ಇಲ್ಲ ಕಣಮ್ಮ" ಎಂದರು. "ಗಂಜಲ ಹೊಸ್ಲಿಗೆ ಮಾತ್ರ ಹಾಕಿಸ್ತೀನಿ. ಬಚ್ಚಲಿಗೆ ಬ್ಯಾಡ ಅಂತ ನಮ್ ತಂಗಿಗೂ ಹೇಳ್ದೆ."

ನಾನು ಹೂಂ ಎಂದೆ. ಫೋನು ಇಡಲು ಇಬ್ಬರಿಗೂ ಆಗಲಿಲ್ಲ. ಅವರು ಅಳುವುದು ಫೋನಿನಲ್ಲೂ ಕೇಳುತ್ತಿತ್ತು, ಗೋಡೆಯ ಆಚೆಯಿಂದಲೂ ಕೇಳುತ್ತಿತ್ತು.